ಕ್ಷಮಾವಣಿಗೆ ಅಣ್ಣನ ಮೆಸೇಜ್ ಬಂತು. ಅವ್ವನ ಬಂಗಾರದ ಮಾತು ಇನ್ನು ಬಿಡಬೇಕಾ?

ಬೋರಮಾಳ

ನಮ್ಮದು ಬೆಳಗಾವಿ ಕಡೆಯ ದಿಗಂಬರ ಜೈನ ಮನೆತನ. ದಶಲಕ್ಷಣ ಪರ್ವ ಮುಗಿದು, ಒಬ್ಬರಿಗೊಬ್ಬರು ಕ್ಷಮೆ ಕೇಳುವ ಕ್ಷಮಾವಣಿಯೂ ಮೊನ್ನೆ ಆಯಿತು. ಒಂದು ವಿಷಯ ತಲೆ ತಿನ್ನುತ್ತಿದೆ, ಬಸದಿಯಲ್ಲಿ ಕೇಳೋಕೆ ಸಂಕೋಚ. ಅದಕ್ಕೆ ಇಲ್ಲಿ ಕೇಳ್ತಿದ್ದೇನೆ.

ಅವ್ವ ಆಪರೇಷನ್‌ಗೆ ಹೋಗುವ ಮುಂಚೆ ತನ್ನ ಬೋರಮಾಳ ಮತ್ತು ಪಾಟ್ಲಿಗಳನ್ನು ಅಣ್ಣನ ಕೈಗೆ ಕೊಟ್ಟು, ‘ಇವು ತಂಗೀಗೆ, ಲಾಕರಿನ್ಯಾಗ ಇಡು’ ಅಂದಿದ್ದಳು. ಎಲ್ಲರೆದುರಿಗೇ ಹೇಳಿದ ಮಾತು. ಅಣ್ಣ ಲಾಕರಿನಲ್ಲಿ ಇಡಲಿಲ್ಲ, ಅಡವಿಟ್ಟ. ಬಡ್ಡಿ ಕಟ್ಟಲಿಲ್ಲ. ನೋಟಿಸು ಬಂದದ್ದೂ ಯಾರಿಗೂ ಹೇಳಲಿಲ್ಲ. ಹರಾಜಾಗಿ ಹೋಯಿತು. ಅವ್ವ ತೀರಿಕೊಂಡ ಮೇಲೆ ಮಗಳ ಮದುವೆಗೆ ಅಂತ ಕೇಳಿದಾಗಲೇ ನನಗೆ ಗೊತ್ತಾದದ್ದು. ‘ಮನೀಗೇ ಖರ್ಚಾತು, ನಾ ಏನ್ ತಿಂದೇನು’ ಅಂದ.

ಆಮೇಲಿಂದ ಪ್ರತಿ ಕ್ಷಮಾವಣಿಗೆ ಮನೆಯ ವಾಟ್ಸಾಪ್ ಗುಂಪಿಗೆ ಅಣ್ಣನಿಂದ ಒಂದು ಚಿತ್ರ ಬರುತ್ತದೆ. ಮುಗಿದ ಕೈ, ತಾವರೆ ಹೂವು, ‘ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಉತ್ತಮ ಕ್ಷಮಾ’. ಎಲ್ಲರೂ ಕೈಮುಗಿದ ಗುರುತು ಹಾಕುತ್ತಾರೆ, ನಾನೂ ಹಾಕ್ತಿದ್ದೆ. ಈ ಸಲ ಹಾಕಲಿಲ್ಲ. ಮರುದಿನ ವೈನಿ ಫೋನ್ ಮಾಡಿ, ‘ಅವರು ಕ್ಷಮಾ ಕೇಳಿಬಿಟ್ಟಾರ, ಇನ್ನರ ಆ ಬಂಗಾರದ ಮಾತ ಬಿಡು, ಧರ್ಮ ಅಂತ ಒಂದ ಐತಿ’ ಅಂದರು.

ನನ್ನ ಪ್ರಶ್ನೆ ಇಷ್ಟೇ. ಕ್ಷಮಿಸಿದೆ ಅಂದರೆ ಕೇಳುವ ಹಕ್ಕೂ ಹೋಯಿತು ಅಂತಾನಾ? ಅವನು ಮಾಡಿದ್ದು ಸರಿ ಅಂತ ನಾನು ಒಪ್ಪಿಕೊಂಡ ಹಾಗಾಗುತ್ತದಾ? ಬೇರೆ ಧರ್ಮದವರು ಇದನ್ನು ಹೇಗೆ ನೋಡ್ತೀರಿ ಅಂತಲೂ ತಿಳಿಯಬೇಕು.

ಮಲೆನಾಡ ಮಳೆ

ಅಕ್ಕಾ, ಬಿಟ್ಟುಬಿಡಿ. ಬಂಗಾರ ಹೋಯಿತು, ಮನಸ್ಸಾದರೂ ನೆಮ್ಮದಿಯಾಗಿ ಇರಲಿ. ‘ತನಗೆ ಮುನಿವರಿಗೆ ತಾ ಮುನಿಯಲೇಕಯ್ಯಾ’ ಅಂತ ಬಸವಣ್ಣನವರು ಹೇಳಿಲ್ವಾ? ಸಿಟ್ಟು ಮೊದಲು ಸುಡುವುದು ಇಟ್ಟುಕೊಂಡವರನ್ನೇ. ನಿಮ್ಮ ಅಣ್ಣ ಆರಾಮಾಗಿ ಊಟ ಮಾಡಿ ಮಲಗ್ತಿದ್ದಾರೆ, ನಿದ್ದೆಗೆಟ್ಟಿರುವುದು ನೀವು. ಕ್ಷಮಿಸಿ, ಮರೆತುಬಿಡಿ. ಅದೇ ದೊಡ್ಡತನ.

ಕೋರ್ಟು ಹಾಲು

ಅಡವಿನ ರಸೀದಿ ಯಾರ ಹೆಸರಿನಲ್ಲಿದೆ ನೋಡಿ. ಹರಾಜು ನೋಟಿಸಿನ ನಕಲು ಸಿಗುತ್ತದಾ ವಿಚಾರಿಸಿ. ತಾಯಿಯ ಸ್ವತ್ತಿನಲ್ಲಿ ಮಗನಿಗೂ ಮಗಳಿಗೂ ಸಮಪಾಲು, ಹಿಂದೂ ಉತ್ತರಾಧಿಕಾರ ಕಾಯ್ದೆ ಜೈನರಿಗೂ ಅನ್ವಯಿಸುತ್ತದೆ. ಬಾಯಿಮಾತಿನಲ್ಲಿ ಪೂರ್ತಿ ನಿಮಗೇ ಕೊಟ್ಟಿದ್ದರೆ ಸಾಕ್ಷಿ ಬೇಕು. ತಡಮಾಡಿದಷ್ಟೂ ಕೇಸು ಸಡಿಲವಾಗುತ್ತದೆ, ಬೇಗ ವಕೀಲರನ್ನು ನೋಡಿ.

ಬೋರಮಾಳ

ಸರ್, ಥ್ಯಾಂಕ್ಸ್. ಆದರೆ ನಾನು ಕೇಸಿನ ಬಗ್ಗೆ ಕೇಳಿಲ್ಲ. ಕೇಸು ಹಾಕೋಕೆ ಮನಸ್ಸೂ ಇಲ್ಲ. ಕ್ಷಮಿಸುವುದು ಅಂದರೆ ನಾನು ಏನನ್ನು ಬಿಡಬೇಕು ಅಂತ ಗೊತ್ತಾಗಬೇಕಿತ್ತು.

ಪಾಠಶಾಲೆ ಮೇಷ್ಟ್ರು

ತಾಯಿ, ನಾನು ಹಾಸನದ ಕಡೆಯವನು. ರಿಟೈರ್ ಆದ ಮೇಲೆ ಬಸದಿಯಲ್ಲಿ ಮಕ್ಕಳಿಗೆ ಭಾನುವಾರ ಪಾಠ ಹೇಳ್ತೇನೆ. ಸ್ವಲ್ಪ ಉದ್ದ ಬರೀತೇನೆ, ಬೇಸರ ಮಾಡ್ಕೋಬೇಡಿ.

ಮೊದಲು ಕ್ಷಮಾವಣಿ ದಿನ ನಾವು ಹೇಳುವುದೇನು ಅಂತ ನೋಡಿ. ‘ಖಮ್ಮಾಮಿ ಸವ್ವ ಜೀವಾಣಂ, ಸವ್ವೇ ಜೀವಾ ಖಮಂತು ಮೇ.’ ನಾನು ಎಲ್ಲ ಜೀವಿಗಳನ್ನೂ ಕ್ಷಮಿಸುತ್ತೇನೆ, ಎಲ್ಲವೂ ನನ್ನನ್ನು ಕ್ಷಮಿಸಲಿ. ಮುಂದಿನ ಸಾಲಿನಲ್ಲಿ ಎಲ್ಲರಲ್ಲೂ ನನಗೆ ಮೈತ್ರಿ ಇದೆ, ಯಾರ ಮೇಲೂ ವೈರವಿಲ್ಲ ಅಂತ ಬರುತ್ತದೆ. ಇಲ್ಲಿ ನೀವು ಬಿಡುವುದಾಗಿ ಹೇಳುತ್ತಿರುವುದು ವೈರವನ್ನು. ಸಾಲ ಬಿಟ್ಟೆ ಅಂತಾಗಲಿ, ಆದದ್ದು ತಪ್ಪಲ್ಲ ಅಂತಾಗಲಿ ಆ ಸಾಲಿನಲ್ಲಿ ಎಲ್ಲೂ ಇಲ್ಲ.

ಇನ್ನು ನಿಮ್ಮ ಅಣ್ಣನ ಕಡೆಯ ಲೆಕ್ಕ. ನಮ್ಮಲ್ಲಿ ಕರ್ಮ ಕಟ್ಟುವುದು ಮಾಡಿದವನಿಗೆ. ಅದನ್ನು ಕಳೆಯುವುದೂ ಅವನದೇ ಕೆಲಸ. ನೀವು ಕ್ಷಮಿಸಿದಿರಿ ಅಂತ ಅವರ ಕರ್ಮ ಕರಗುವುದಿಲ್ಲ, ಕ್ಷಮಿಸಲಿಲ್ಲ ಅಂತ ಬೆಳೆಯುವುದೂ ಇಲ್ಲ. ಕಳೆಯಬೇಕಾದರೆ ದಾರಿ ಇದೆ. ಮೊದಲು ಆಲೋಚನೆ, ಅಂದರೆ ಗುರುವಿನ ಮುಂದೆ ಮಾಡಿದ್ದನ್ನು ಮಾಡಿದ ಹಾಗೇ ಹೇಳಿಕೊಳ್ಳುವುದು. ಆಮೇಲೆ ಮಾಡಿದ್ದಕ್ಕೆ ಮರುಗಿ ಹಿಂದೆ ಸರಿಯುವ ಪ್ರತಿಕ್ರಮಣ, ಗುರು ಕೊಟ್ಟ ಪ್ರಾಯಶ್ಚಿತ್ತ, ಮುಂದೆ ಮಾಡುವುದಿಲ್ಲ ಅನ್ನುವ ಪ್ರತ್ಯಾಖ್ಯಾನ. ಜನ ಮೊದಲನೆಯದನ್ನು ಹಾರಿಸಿ, ಕೊನೆಯದನ್ನೂ ಹಾರಿಸಿ, ನಡುವಿನದನ್ನು ಮೊಬೈಲಿನಲ್ಲಿ ಮುಗಿಸುತ್ತಾರೆ.

ಆಲೋಚನೆ ಹೇಗೆಲ್ಲ ಕೆಡುತ್ತದೆ ಅಂತ ಹಳಬರು ಹತ್ತು ದೋಷ ಬರೆದಿಟ್ಟಿದ್ದಾರೆ. ಭಗವತೀ ಆರಾಧನೆ ಅನ್ನುವ ಗ್ರಂಥದಲ್ಲಿ ಅವು ವಿವರವಾಗಿ ಬರುತ್ತವೆ. ಆ ನಿಯಮಗಳು ಇರುವುದು ಆಚಾರ್ಯರ ಮುಂದೆ ತಪ್ಪು ಹೇಳಿಕೊಳ್ಳುವ ಮುನಿಗಳಿಗೆ, ಆದರೆ ಮನುಷ್ಯರ ಬುದ್ಧಿ ಎಲ್ಲ ಕಡೆ ಒಂದೇ ಅಲ್ವಾ. ಹತ್ತರಲ್ಲಿ ನಾಲ್ಕು ಹೇಳ್ತೇನೆ. ಬೇರೆಯವರ ಕಣ್ಣಿಗೆ ಬಿದ್ದ ತಪ್ಪನ್ನು ಮಾತ್ರ ಹೇಳಿ ಉಳಿದದ್ದನ್ನು ನುಂಗುವುದು ಒಂದು. ಸಣ್ಣ ಸಣ್ಣ ತಪ್ಪು ಹೇಳಿ ದೊಡ್ಡದನ್ನು ಮುಚ್ಚುವುದು ಇನ್ನೊಂದು. ತನ್ನಂಥದ್ದೇ ತಪ್ಪು ಮಾಡಿದವರ ಹತ್ತಿರ ಹೋಗಿ ಹೇಳಿಕೊಳ್ಳುವುದು ಮತ್ತೊಂದು, ಅವರು ಗದರಿಸುವುದಿಲ್ಲವಲ್ಲ. ನಾಲ್ಕನೆಯದು ಶಬ್ದಾಕುಲಿತ. ವಾರ್ಷಿಕ ಪ್ರತಿಕ್ರಮಣದಂಥ ದಿನ ಎಲ್ಲರೂ ಒಟ್ಟಿಗೆ ಹೇಳಿಕೊಳ್ಳುವಾಗ, ಆ ಗದ್ದಲದಲ್ಲಿ ಯಾರಿಗೂ ಕೇಳದ ಹಾಗೆ ತನ್ನದನ್ನೂ ಹೇಳಿ ಮುಗಿಸುವುದು.

ಮನೆಯ ಗುಂಪಿಗೆ ಹಾಕಿದ ಆ ತಾವರೆ ಚಿತ್ರ ಇದರಲ್ಲಿ ಯಾವುದಕ್ಕೆ ಸೇರುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಬೋರಮಾಳ

ಮೇಷ್ಟ್ರೇ, ಶಬ್ದಾಕುಲಿತ ಓದಿ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಇಷ್ಟು ಹಿಂದೆಯೇ ಯಾರೋ ಇದನ್ನು ಕಂಡಿದ್ದರಾ!

ಪಾಠಶಾಲೆ ಮೇಷ್ಟ್ರು

ಇನ್ನೊಂದು ಇದೆ. ಬೇರೆಯವರು ನಂಬಿ ಇಟ್ಟ ಒಡವೆಯ ಬಗ್ಗೆ ತತ್ತ್ವಾರ್ಥಸೂತ್ರದಲ್ಲೇ ಮಾತಿದೆ. ಶ್ರಾವಕರ ಸತ್ಯವ್ರತದ ದೋಷಗಳಲ್ಲಿ ನ್ಯಾಸಾಪಹಾರ ಅಂತ ಒಂದು. ಆ ಸೂತ್ರಕ್ಕೆ ಟೀಕೆ ಬರೆದ ಪೂಜ್ಯಪಾದರು ಅದಕ್ಕೆ ಕೊಟ್ಟಿರುವ ಉದಾಹರಣೆ ನೋಡಿ. ಒಬ್ಬ ಬಂಗಾರ ಇಟ್ಟು ಹೋಗಿದ್ದಾನೆ. ವಾಪಸ್ ಕೇಳುವಾಗ ಎಷ್ಟು ಇಟ್ಟಿದ್ದೆ ಅನ್ನುವುದು ಮರೆತು ಕಡಿಮೆ ಕೇಳುತ್ತಾನೆ. ‘ಹೌದು, ಅಷ್ಟೇ’ ಅಂದು ಅಷ್ಟನ್ನೇ ಕೊಟ್ಟರೂ ವ್ರತಕ್ಕೆ ದೋಷ. ಇಟ್ಟವನ ಮರೆವನ್ನು ಲಾಭ ಮಾಡಿಕೊಳ್ಳುವುದೇ ದೋಷ ಅಂದಮೇಲೆ, ಇಟ್ಟದ್ದನ್ನೇ ಇಲ್ಲವಾಗಿಸಿದ್ದಕ್ಕೆ ಏನು ಹೇಳೋದು? ‘ತಿಳಿದೋ ತಿಳಿಯದೆಯೋ’ ಅನ್ನುವ ಮಾತು ಇಲ್ಲಿ ಹೊಂದುವುದಿಲ್ಲ.

ಮಲೆನಾಡ ಮಳೆ

ಮೇಷ್ಟ್ರೇ, ನಿಮ್ಮ ಓದಿಗೆ ನಮಸ್ಕಾರ. ಆದರೆ ಹೀಗೆ ದೋಷ ಎಣಿಸುತ್ತಾ ಕೂತರೆ ಕ್ಷಮೆ ಎಲ್ಲಿ ಉಳಿಯಿತು? ಅಣ್ಣ ಸರಿಯಾಗಿ ಕೇಳಿದ ಮೇಲೆ, ಬಂಗಾರ ವಾಪಸ್ ಕೊಟ್ಟ ಮೇಲೆ ಕ್ಷಮಿಸೋದಾದರೆ ಅದು ವ್ಯಾಪಾರ. ಅಕ್ಕನ ನೆಮ್ಮದಿಯ ಕೀಲಿಕೈ ಅಣ್ಣನ ಜೇಬಿನಲ್ಲಿ ಇಟ್ಟ ಹಾಗಾಯಿತು.

ಪಾಠಶಾಲೆ ಮೇಷ್ಟ್ರು

ಮಳೆಯವರೇ, ಅರ್ಧ ನಿಮ್ಮ ಕಡೆ ಇದ್ದೇನೆ. ಅಣ್ಣ ಕೇಳಲಿ, ಬಿಡಲಿ, ತಂಗಿ ಕ್ಷಮಿಸಬಹುದು. ನಮ್ಮಲ್ಲಿ ಅದಕ್ಕೆ ಕಾಯುವ ಕಟ್ಟುಪಾಡಿಲ್ಲ. ಕಾಯಲೇಬಾರದು ಅನ್ನುವ ಲೆಕ್ಕ ಕೂಡ ಇದೆ.

ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ಗುರು ನೇಮಿಚಂದ್ರರು. ಅವರ ಗೊಮ್ಮಟಸಾರದಲ್ಲಿ ಸಿಟ್ಟಿಗೆ ನಾಲ್ಕು ದರ್ಜೆ. ಕಲ್ಲಿನ ಮೇಲೆ ಕೊರೆದ ಗೆರೆ, ನೆಲದ ಬಿರುಕು, ಧೂಳಿನಲ್ಲಿ ಎಳೆದ ಗೆರೆ, ನೀರಿನ ಮೇಲಿನ ಗೆರೆ. ಸಿಟ್ಟು ಬಂದು ಹೋದ ಮೇಲೂ ಅದರ ವಾಸನೆ ಒಳಗೆ ಎಷ್ಟು ಕಾಲ ಉಳಿಯುತ್ತದೆ ಅನ್ನುವುದಕ್ಕೂ ಲೆಕ್ಕ ಕೊಡುತ್ತಾರೆ. ತೀರ ತೆಳುವಾದದ್ದು 48 ನಿಮಿಷದೊಳಗೆ ಹೋಗುತ್ತದೆ. ಅದಕ್ಕಿಂತ ಗಟ್ಟಿಯಾದದ್ದು 15 ದಿನ, ಇನ್ನೂ ಗಟ್ಟಿಯಾದದ್ದು 6 ತಿಂಗಳು. 6 ತಿಂಗಳು ದಾಟಿ ಉಳಿದರೆ ಅದು ಕಲ್ಲಿನ ಗೆರೆ, ಜನ್ಮಜನ್ಮಕ್ಕೂ ಹಿಂದೆ ಬರುತ್ತದೆ, ಸರಿಯಾದ ನೋಟವನ್ನೇ ಕೆಡಿಸುತ್ತದೆ. ಶ್ವೇತಾಂಬರರ ಲೆಕ್ಕ ಸ್ವಲ್ಪ ಬೇರೆ. ಅವರಲ್ಲಿ 15 ದಿನ, 4 ತಿಂಗಳು, 1 ವರ್ಷ, ಆಮೇಲೆ ಬದುಕಿಡೀ. ಪಕ್ಷಕ್ಕೊಮ್ಮೆ, ಚಾತುರ್ಮಾಸಕ್ಕೊಮ್ಮೆ, ವರ್ಷಕ್ಕೊಮ್ಮೆ ಪ್ರತಿಕ್ರಮಣ ಇಟ್ಟಿರುವುದರ ಜೊತೆ ಹೋಲಿಸಿ ನೋಡಿ, ಗೆರೆ ಗಟ್ಟಿಯಾಗುವ ಮುಂಚೆ ಅಳಿಸುವ ಏರ್ಪಾಡು ಅದು.

ಇದು ಪೂರ್ತಿ ನೊಂದವಳ ಒಳಗಿನ ಲೆಕ್ಕ. ಅಣ್ಣನ ಸಾಲದ ಪುಸ್ತಕ ಬೇರೆ. ನೀವು ಎರಡನ್ನೂ ಒಂದೇ ಖಾತೆಗೆ ಬರೆದು, ಸಿಟ್ಟು ಬಿಟ್ಟರೆ ಸಾಲವೂ ಮುಗಿಯಿತು ಅಂತೀರಿ. ನಾನು ಒಪ್ಪದಿರುವುದು ಅಷ್ಟಕ್ಕೇ.

ಕಹಾ ಸುನಾ

ಹುಬ್ಬಳ್ಳಿಯವನು. ನಮ್ಮಪ್ಪಂದು ಸಿಮೆಂಟು ಕಬ್ಬಿಣದ ಅಂಗಡಿ ಇತ್ತು. ಹಜ್‌ಗೆ ಹೊರಟವರು ಮನೆಮನೆಗೆ ಬಂದು ‘ಕಹಾ ಸುನಾ ಮಾಫ್ ಕರೋ’ ಅಂತ ಕೈ ಹಿಡಿದು ಕೇಳ್ತಾರೆ, ನಿಮಗೂ ಗೊತ್ತಿರಬಹುದು. ಆಡಿದ್ದು, ಅಂದದ್ದು ಎಲ್ಲ ಮಾಫ್ ಮಾಡಿ ಅಂತ.

ಒಂದು ಸಲ ನಮ್ಮ ಓಣಿಯ ಒಬ್ಬ ಹಿರಿಯರು ಬಂದರು. ಹೊಸ ಬಿಳಿ ಜುಬ್ಬಾ, ಹಿಂದೆ ನಾಲ್ಕು ಜನ. ಅಪ್ಪನ ಕೈ ಹಿಡಿದು ಕಹಾ ಸುನಾ ಮಾಫ್ ಅಂದರು. ಅಪ್ಪ ತಬ್ಬಿಕೊಂಡರು. ಚಹಾ ತರಿಸಿದರು. ಆಮೇಲೆ ಗಲ್ಲಾದ ಕೆಳಗಿಂದ ಉದ್ರಿ ಪುಸ್ತಕ ತೆಗೆದು ಅವರ ಪುಟ ತೆರೆದು ಮುಂದಿಟ್ಟರು. ‘ಭಾಯೀ, ಮಾತೆಲ್ಲ ಮಾಫ್. ಇದು ಮಾತಲ್ಲ.’ ಮಹಡಿ ಕಟ್ಟಿಸುವಾಗ ಒಯ್ದ ಸಿಮೆಂಟು ಚೀಲಗಳು, ಹಳೇ ಬಾಕಿ. ಹಿರಿಯರ ಮುಖ ಕೆಂಪಾಯಿತು. ಅಪ್ಪ ಒಂದೂ ಗಟ್ಟಿ ಮಾತು ಆಡಲಿಲ್ಲ. ‘ಇದನ್ನು ಹೊತ್ತುಕೊಂಡು ಅಲ್ಲಿಗೆ ಹೋಗಬೇಡಿ, ನಿಮ್ಮ ಒಳ್ಳೆಯದಕ್ಕೇ ಹೇಳ್ತೀನಿ’ ಅಂದರು. ಮರುದಿನ ಅವರ ಮಗ ಬಂದು ಅರ್ಧ ಕೊಟ್ಟ. ಉಳಿದರ್ಧಕ್ಕೆ ಅಪ್ಪ ತಾವೇ ಗೆರೆ ಹೊಡೆದರು.

ನಮ್ಮಲ್ಲಿ ಇದಕ್ಕೆ ಹಕ್ಕುಲ್ ಇಬಾದ್ ಅಂತಾರೆ. ಮನುಷ್ಯರ ಹಕ್ಕು ಅದು. ನಮಾಜು ತಪ್ಪಿದರೆ ಅಲ್ಲಾಹನ ಹತ್ತಿರ ಮಾಫಿ ಕೇಳಬಹುದು. ಇನ್ನೊಬ್ಬರ ದುಡ್ಡು ತಿಂದಿದ್ದರೆ ಆ ಮನುಷ್ಯನ ಹತ್ತಿರವೇ ತೀರಿಸಬೇಕು, ಇಲ್ಲ ಅವನೇ ಬಿಡಬೇಕು. ಪ್ರವಾದಿಯವರು ನಿಜವಾದ ದಿವಾಳಿ ಯಾರು ಅಂತ ಕೇಳಿ, ತಾವೇ ಉತ್ತರ ಕೊಟ್ಟ ಹದೀಸ್ ಇದೆ. ನಮಾಜು, ರೋಜಾ, ಜಕಾತ್ ಎಲ್ಲ ಹೊತ್ತು ತಂದವನು, ಆದರೆ ಒಬ್ಬರನ್ನು ಬೈದು, ಇನ್ನೊಬ್ಬರ ಆಸ್ತಿ ನುಂಗಿ ಬಂದವನು. ಅವನ ಪುಣ್ಯವನ್ನೆಲ್ಲ ನೊಂದವರಿಗೆ ಹಂಚುತ್ತಾರೆ. ಅದು ಮುಗಿದರೆ ಅವರ ಪಾಪ ತಂದು ಇವನ ಮೇಲೆ ಹೊರಿಸುತ್ತಾರೆ.

ಕುರಾನಿನಲ್ಲಿ ಕೆಡುಕಿಗೆ ಅಷ್ಟೇ ಪ್ರತಿಫಲ ಅಂತ ಹಕ್ಕನ್ನು ಮೊದಲು ಹೇಳಿ, ಅದೇ ಉಸಿರಿನಲ್ಲಿ ಕ್ಷಮಿಸಿ ಸರಿಪಡಿಸಿದವನ ಪ್ರತಿಫಲ ಅಲ್ಲಾಹನ ಹತ್ತಿರ ಇದೆ ಅನ್ನುತ್ತದೆ. ಹಕ್ಕು ಇದ್ದವನು ತಾನಾಗಿ ಬಿಟ್ಟರೆ ಅದಕ್ಕೆ ಬೆಲೆ. ವೈನಿ ಫೋನ್ ಮಾಡಿ ಬಿಡಿಸಿದರೆ ಅದನ್ನು ಬಿಟ್ಟದ್ದು ಅನ್ನೋಕಾಗಲ್ಲ.

ಕೋರ್ಟು ಹಾಲು

ಅಪ್ಪ ಅರ್ಧ ಬಿಟ್ಟದ್ದಕ್ಕೆ ಬರಹದಲ್ಲಿ ಏನಾದರೂ ಮಾಡಿಕೊಂಡಿದ್ದರಾ? ಆಮೇಲೆ ಮಕ್ಕಳ ನಡುವೆ ತಕರಾರು ಬರುತ್ತದೆ.

ಕಹಾ ಸುನಾ

ಅಯ್ಯೋ ವಕೀಲ್ ಸಾಹೇಬ್ರೇ, ಗೆರೆ ಹೊಡೆದದ್ದೇ ಬರಹ!

ಉಡುಪಿ ಎಕ್ಸ್‌ಪ್ರೆಸ್

ನಾನು ಕ್ಯಾಥೊಲಿಕ್. ಬೋರಮಾಳ ಅಕ್ಕನ ಪ್ರಶ್ನೆ ನನಗೆ ಬೇರೆ ರೂಪದಲ್ಲಿ ಬಂದಿತ್ತು, ಅದಕ್ಕೆ ಬರೀತಿದ್ದೇನೆ.

ಗಂಡ ಕುಡಿದು ಹೊಡೆಯುತ್ತಿದ್ದ. ಬೆಳಿಗ್ಗೆ ಎದ್ದು ಕಾಲಿಗೆ ಬಿದ್ದು ಸಾರಿ ಅನ್ನುತ್ತಿದ್ದ. ಅತ್ತೆ ಮನೆಯವರು ಬೈಬಲ್ ತೆರೆದು ತೋರಿಸಿದ್ದು ಒಂದೇ ಮಾತು. ಎಷ್ಟು ಸಲ ಕ್ಷಮಿಸಬೇಕು, ಏಳು ಸಲವೇ ಅಂತ ಪೇತ್ರ ಕೇಳುತ್ತಾನೆ, ಏಳೆಪ್ಪತ್ತು ಸಲ ಅಂತ ಯೇಸು ಹೇಳುತ್ತಾರೆ. ನಾನೂ ಅದನ್ನೇ ನಂಬಿ ತಿರುಗಿ ತಿರುಗಿ ಆ ಮನೆಗೇ ಹೋದೆ.

ಕೊನೆಗೆ ಚರ್ಚಿನಲ್ಲಿ ಪಾಪನಿವೇದನೆಗೆ, ನಮ್ಮ ಮಾತಿನ ಕುಮ್ಸಾರಿಗೆ, ಹೋದಾಗ ಒಬ್ಬ ವಯಸ್ಸಾದ ಫಾದರ್ ಕೇಳಿದರು, ‘ಅದೇ ಅಧ್ಯಾಯ ಮೇಲಿಂದ ಓದಿದ್ದೀಯಾ ಮಗಳೇ?’ ಮನೆಗೆ ಬಂದು ಓದಿದೆ. ಮತ್ತಾಯ 18. ಏಳೆಪ್ಪತ್ತಕ್ಕೆ ಸ್ವಲ್ಪ ಮೇಲೆಯೇ ಇದೆ. ನಿನ್ನ ಸಹೋದರ ನಿನಗೆ ತಪ್ಪು ಮಾಡಿದರೆ ಹೋಗಿ ಅವನೊಬ್ಬನಿಗೇ ತಪ್ಪನ್ನು ತೋರಿಸು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ಹೇಳು. ಸಭೆಯ ಮಾತನ್ನೂ ಕೇಳದಿದ್ದರೆ ಅವನು ಹೊರಗಿನವನ ಹಾಗೆ ಇರಲಿ. ಇಷ್ಟೂ ದಿನ ಈ ಮೇಲಿನ ಭಾಗವನ್ನು ಯಾರೂ ನನಗೆ ತೋರಿಸಿರಲಿಲ್ಲ.

ತವರಿಗೆ ಬಂದೆ. ದೂರನ್ನೂ ಕೊಟ್ಟೆ. ಅವನ ಮೇಲಿನ ದ್ವೇಷ ಹೋಗೋಕೆ ವರ್ಷಗಳೇ ಬೇಕಾದವು, ಅದೂ ದೂರ ಬಂದ ಮೇಲೆಯೇ ಶುರುವಾದದ್ದು. ಒದೆ ತಿನ್ನುತ್ತಾ ಕ್ಷಮಿಸಿದೆ ಅಂದುಕೊಂಡಿದ್ದೆನಲ್ಲ, ಅದು ಬರೀ ಭಯ. ಈಗ ಅವನಿಗೆ ಒಳ್ಳೆಯದಾಗಲಿ ಅಂತ ಪ್ರಾರ್ಥಿಸೋಕೆ ಆಗುತ್ತದೆ. ಆ ಮನೆಗೆ ಮಾತ್ರ ಹೋಗುವುದಿಲ್ಲ.

ಗ್ಲಾಡಿಸ್ ಸ್ಟೇನ್ಸ್ ನೆನಪಿದ್ದಾರಾ? 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಅವರ ಗಂಡನನ್ನೂ ಇಬ್ಬರು ಸಣ್ಣ ಗಂಡುಮಕ್ಕಳನ್ನೂ ಜೀಪಿನಲ್ಲೇ ಸುಟ್ಟು ಕೊಂದರು. ಕೊಂದವರನ್ನು ಕ್ಷಮಿಸಿದ್ದೇನೆ ಅಂತ ಆ ತಾಯಿ ಹೇಳಿದ್ದು ಎಲ್ಲರಿಗೂ ಗೊತ್ತು. ಕ್ಷಮೆಯೇ ಬೇರೆ, ಅಪರಾಧದ ಪರಿಣಾಮವೇ ಬೇರೆ, ಎರಡನ್ನೂ ಕಲಸಬಾರದು ಅಂತ ಕೂಡ ಅವರು ಹೇಳಿದ್ದರು. ಕೇಸು ನಡೆಯಿತು, ಶಿಕ್ಷೆಯಾಯಿತು, 2011ರಲ್ಲಿ ಸುಪ್ರೀಂ ಕೋರ್ಟ್ ಮುಖ್ಯ ಅಪರಾಧಿಯ ಜೀವಾವಧಿಯನ್ನು ಎತ್ತಿಹಿಡಿಯಿತು. ಅವರು ಮಾತ್ರ ಓಡಿಹೋಗದೆ ಬಾರಿಪದದ ಕುಷ್ಠರೋಗಿಗಳ ಮನೆಯನ್ನು ಆಮೇಲೂ ಕೆಲವು ವರ್ಷ ನಡೆಸಿದರು.

ಮಲೆನಾಡ ಮಳೆ

ಅಕ್ಕಾ, ನಿಮ್ಮದು ಓದಿ ಏನು ಹೇಳಬೇಕು ತಿಳಿಯುತ್ತಿಲ್ಲ. ನಾನು ‘ಮರೆತುಬಿಡಿ’ ಅಂದದ್ದು ಇಂಥದ್ದಕ್ಕಲ್ಲ. ಆದರೆ ಬಂಗಾರದ ವಿಷಯಕ್ಕೆ ನನ್ನ ಮಾತು ಈಗಲೂ ಅದೇ. ಅಣ್ಣತಂಗಿಯರ ನಡುವೆ ಲೆಕ್ಕ ಬಿಡುವುದೂ ಒಂದು ಸುಖ.

ಎಡಿಸನ್ ಚಳಿ

ನ್ಯೂಜೆರ್ಸಿಯಿಂದ. ನಮ್ಮ ಟೀಮಿನಲ್ಲಿ ಒಬ್ಬರು ಯಹೂದಿ ಇದ್ದಾರೆ, ಕಟ್ಟುನಿಟ್ಟಿನವರು. ಪ್ರತಿ ವರ್ಷ ಯೋಮ್ ಕಿಪ್ಪೂರ್ ಉಪವಾಸದ ಮುಂಚೆ ಸೀಟಿಗೆ ಬಂದು, ಇಂಥ ದಿನ ಮೀಟಿಂಗಿನಲ್ಲಿ ನಿಮ್ಮ ಮಾತನ್ನು ಅರ್ಧಕ್ಕೆ ಕತ್ತರಿಸಿದೆ, ಸಾರಿ ಅಂತ ಹೆಸರಿಟ್ಟು ಕೇಳುತ್ತಾರೆ. ನಾನು ಮರೆತೇ ಬಿಟ್ಟಿದ್ದ ವಿಷಯ! ಕುತೂಹಲಕ್ಕೆ ವಿಚಾರಿಸಿದೆ.

12ನೇ ಶತಮಾನದ ಯಹೂದಿ ಪಂಡಿತ ಮೈಮೊನಿಡೀಸ್ ಬರೆದ ನಿಯಮ ಅಂತೆ. ದೇವರಿಗೆ ಮಾಡಿದ ತಪ್ಪನ್ನು ಆ ಹಬ್ಬ ಕಳೆಯುತ್ತದೆ. ಮನುಷ್ಯರಿಗೆ ಮಾಡಿದ್ದನ್ನು ಕಳೆಯುವುದಿಲ್ಲ. ಮೊದಲು ಕೊಡಬೇಕಾದ್ದನ್ನು ಕೊಡಬೇಕು. ಕೊಟ್ಟ ಮೇಲೂ ಮುಗಿಯಲಿಲ್ಲ, ಹೋಗಿ ಸಮಾಧಾನ ಮಾಡಿ ಕ್ಷಮೆ ಕೇಳಬೇಕು. ಒಪ್ಪದಿದ್ದರೆ ಮೂವರು ಸ್ನೇಹಿತರನ್ನು ಕರೆದುಕೊಂಡು ಹೋಗಬೇಕು, ಹೀಗೆ ಮೂರು ಸಲದ ತನಕ. ಆಗಲೂ ಒಪ್ಪದಿದ್ದರೆ ಇವನು ಬಿಟ್ಟು ಬರಬಹುದು, ತಪ್ಪು ಈಗ ಕ್ಷಮಿಸದವನ ಮೇಲೆ. ನೊಂದವರು ತೀರಿಕೊಂಡಿದ್ದರೆ ಹತ್ತು ಜನರನ್ನು ಸಮಾಧಿ ಹತ್ತಿರ ಕರೆದೊಯ್ದು ಅವರ ಮುಂದೆ ತಪ್ಪೊಪ್ಪಿಕೊಳ್ಳಬೇಕು, ಸಾಲವಿದ್ದರೆ ವಾರಸುದಾರರಿಗೆ ಕೊಡಬೇಕು. ಪೂರ್ತಿ ಪಶ್ಚಾತ್ತಾಪ ಆಯಿತೋ ಇಲ್ಲವೋ ಅಂತ ಗೊತ್ತಾಗುವುದು ಅದೇ ಅವಕಾಶ ಮತ್ತೆ ಬಂದಾಗ. ಆಗ ಮಾಡದೆ ಇದ್ದರೆ ಆಯಿತು ಅಂತ ಅರ್ಥ.

ನೋಡಿ, ಇಲ್ಲಿ ಜೈನರ ಲೆಕ್ಕಕ್ಕೂ ಇದಕ್ಕೂ ಫರಕು ಇದೆ ಅನ್ನಿಸುತ್ತದೆ. ಮೇಷ್ಟ್ರು ಕಾಯಬೇಡಿ ಅಂತಾರೆ. ಇವರು ಮೊದಲು ಅವನು ಬರಲಿ, ಬಂದ ಮೇಲೆ ನೀವು ಕಲ್ಲಾಗಬೇಡಿ ಅಂತಾರೆ.

ಬೋರಮಾಳ

ಹಾಗಾದರೆ ನನ್ನಣ್ಣ ಒಂದು ಸಲವೂ ಕೇಳಿಲ್ಲ ಅಂತಾಯಿತು! ಅವ್ವನ ಲೆಕ್ಕಕ್ಕೆ ಬೇರೆ ಹತ್ತು ಜನ.

ಭೀಮಾ ತೀರ

ಎಲ್ಲರ ಧರ್ಮವೂ ಚೆಂದ ಇದೆ. ನನ್ನದೊಂದು ತಕರಾರು. ಕ್ಷಮಿಸು ಅಂತ ಯಾವಾಗಲೂ ಯಾರಿಗೆ ಹೇಳ್ತಾರೆ? ಮನೆಯಲ್ಲಿ ತಂಗಿಗೆ, ಸೊಸೆಗೆ. ಊರಿನಲ್ಲಿ ನಮ್ಮ ಕೇರಿಯವರಿಗೆ. ನಮ್ಮ ಹುಡುಗನನ್ನು ಹೋಟೆಲ್ ಮುಂದೆ ಹೊಡೆದಾಗ ಹಿರಿಯರೆಲ್ಲ ಕೂತು ‘ಕ್ಷಮಿಸಿ ದೊಡ್ಡವರಾಗಿ, ಊರು ಒಂದಾಗಿರಲಿ’ ಅಂದರು. ಕೇಸು ವಾಪಸ್ ತೆಗೆಸೋಕೆ ಅಷ್ಟು ಕಳಕಳಿ. ಹೊಡೆದವನು ಆ ಕೂಟಕ್ಕೆ ಬಂದೇ ಇರಲಿಲ್ಲ.

ನಾವು ಮನೆಯವರು ಬೌದ್ಧರು. ಅಂಗುಲಿಮಾಲನ ಕಥೆ ಎಲ್ಲರೂ ಅರ್ಧ ಹೇಳ್ತಾರೆ. ಕೊಲೆಗಾರ ಬುದ್ಧನನ್ನು ಕಂಡ, ಬದಲಾದ, ಶುಭಂ. ಈ ಕಥೆ ಬರುವ ಪಾಲಿ ಸುತ್ತದಲ್ಲಿ ಮುಂದೆಯೂ ಇದೆ. ಅವನು ಅರಹಂತನಾದ ಮೇಲೂ ಭಿಕ್ಷೆಗೆ ಹೋದಾಗ ಕಲ್ಲು, ಕೋಲು ಬೀಳುತ್ತವೆ. ತಲೆ ಒಡೆದು ರಕ್ತ, ಪಾತ್ರೆ ಚೂರು, ಚೀವರ ಹರಿದಿದೆ. ಹಾಗೇ ಬುದ್ಧನ ಹತ್ತಿರ ಬರುತ್ತಾನೆ. ಬುದ್ಧ ಕಲ್ಲು ಹೊಡೆದವರನ್ನು ಬೈಯುವುದಿಲ್ಲ. ‘ಸಹಿಸಿಕೋ, ನೀನು ಮಾಡಿದ್ದರ ಫಲ ಇದು’ ಅನ್ನುತ್ತಾನೆ. ಬದಲಾದದ್ದು ನಿಜ, ಮಾಡಿದ್ದೂ ನಿಜ. ಎರಡೂ ಒಟ್ಟಿಗೆ ಇರುತ್ತವೆ.

ಕಹಾ ಸುನಾ

ಆದರೆ ಸರ್, ಅದೇ ಕಥೆಯಲ್ಲಿ ಹಿಡಿಯಲು ಬಂದ ರಾಜ ಪ್ರಸೇನಜಿತ ಅವನು ಭಿಕ್ಷು ಆಗಿದ್ದಾನೆ ಅಂತ ಹಿಡಿಯದೆ ಹೋಗುತ್ತಾನಲ್ಲ? ಸತ್ತವರ ಮನೆಯವರಿಗೆ ಏನು ಸಿಕ್ಕಿತು?

ಭೀಮಾ ತೀರ

ಸರಿಯಾಗಿ ಕೇಳಿದಿರಿ. ನನಗೂ ಆ ಭಾಗ ಗಂಟಲಲ್ಲಿ ಇಳಿಯುವುದಿಲ್ಲ. ಭಂತೇಜಿ ಒಬ್ಬರನ್ನು ಕೇಳಿದ್ದೆ, ಅವರು ಕೊಟ್ಟ ಉತ್ತರವೂ ನನಗೆ ಸಮಾಧಾನ ಕೊಡಲಿಲ್ಲ.

ಪಾಠಶಾಲೆ ಮೇಷ್ಟ್ರು

ಭೀಮಾ ತೀರದವರ ತಕರಾರಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಒಂದು ಮಾತು ಹೇಳಬಲ್ಲೆ. ಅಹಿಂಸೆ ಅಂತ ಇಷ್ಟು ಹೇಳುವ ನಮ್ಮವರೇ ಗೃಹಸ್ಥರಿಗೆ ವಿರೋಧೀ ಹಿಂಸೆಯನ್ನು ಪೂರ್ತಿ ಬಿಡಿಸಲಿಲ್ಲ. ಬೇಕಂತಲೇ ಕೊಲ್ಲುವ, ನೋಯಿಸುವ ಸಂಕಲ್ಪ ಬಿಡಬೇಕು. ತನ್ನನ್ನು, ತನ್ನವರನ್ನು ಕಾಪಾಡಲು ಎದುರು ನಿಲ್ಲುವುದಕ್ಕೆ ಅಡ್ಡಿಯಿಲ್ಲ. ಹಾಗಾಗಿ ದೂರು ಕೊಡುವುದು, ಕೇಸು ನಡೆಸುವುದು ಕ್ಷಮೆಗೆ ವಿರುದ್ಧ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಕೇಸು ಗೆದ್ದ ದಿನ ಎದುರಾಳಿಯ ಮಕ್ಕಳು ಬೀದಿಗೆ ಬಿದ್ದರು ಅಂತ ಖುಷಿ ಆದರೆ, ಆಗ ಒಳಗೆ ಏನೋ ಉಳಿದಿದೆ ಅಂತ ತಿಳ್ಕೊಳ್ಳಿ.

ಪರ್ಯೂಷಣ ಪೇಟೆ

ತಡವಾಗಿ ನೋಡಿದೆ. ನಾವು ಶ್ವೇತಾಂಬರರು, ಬೆಂಗಳೂರು ಚಿಕ್ಕಪೇಟೆಯಲ್ಲಿ ಅಂಗಡಿ. ಫಾರ್ವರ್ಡ್ ಮೆಸೇಜಿಗೆ ಎಲ್ಲರೂ ಬೈದಿದ್ದೀರಿ, ಸ್ವಲ್ಪ ಬೇಜಾರಾಯಿತು. ವರ್ಷಕ್ಕೊಮ್ಮೆ ಕ್ಷಮೆ ಕೇಳುವ ನಮ್ಮ ಸಂವತ್ಸರಿ ನಿಮ್ಮ ದಶಲಕ್ಷಣ ಶುರುವಾಗುವ ಹೊತ್ತಿಗೆ ಮುಗಿದಿರುತ್ತದೆ. ಆ ಸಂಜೆ ಪ್ರತಿಕ್ರಮಣಕ್ಕೆ ಗಂಟೆಗಟ್ಟಲೆ ಕೂತು, ಆಮೇಲೆ ಅಂಗಡಿ ಹುಡುಗರಿಂದ ಹಿಡಿದು ಎಲ್ಲರಿಗೂ ‘ಮಿಚ್ಛಾಮಿ ದುಕ್ಕಡಂ’, ಅಂದರೆ ನನ್ನ ತಪ್ಪು ಇಲ್ಲವಾಗಲಿ ಅಂತ ಹೇಳ್ತೇವೆ. ನೂರಾರು ಜನಕ್ಕೆ ಹೇಳುವಾಗ ಪ್ರತಿಯೊಬ್ಬರಿಗೂ ತಪ್ಪಿನ ಪಟ್ಟಿ ಕೊಡೋಕಾಗುತ್ತಾ? ಏನು ಮಾಡಿದ್ದೆ ಅಂತ ನಮಗೇ ಗೊತ್ತಿಲ್ಲದವು ಎಷ್ಟೋ ಇರುತ್ತವೆ, ಅದಕ್ಕೆ ಆ ಒಂದು ಮಾತು. ಗೊತ್ತಿರುವುದಕ್ಕೆ ಅದು ಸಾಲದು, ಅದನ್ನು ಒಪ್ತೇನೆ. ನಮ್ಮ ತಂದೆ ಪಾಲುದಾರರ ಜೊತೆ ಮಾತು ಬಿಟ್ಟಿದ್ದರು, ಆ ವರ್ಷ ಮೆಸೇಜ್ ಕಳಿಸಲಿಲ್ಲ, ನಡೆದುಕೊಂಡೇ ಹೋದರು.

ಬೋರಮಾಳ

ಎಲ್ಲರಿಗೂ ಕೈ ಮುಗಿದೆ. ನಿನ್ನೆ ರಾತ್ರಿ ಅಣ್ಣನಿಗೆ ಒಂದು ಮೆಸೇಜ್ ಬರೆದಿದ್ದೇನೆ, ಗುಂಪಿಗಲ್ಲ, ಅವನೊಬ್ಬನಿಗೇ. ಇನ್ನೂ ಕಳಿಸಿಲ್ಲ. ಇಲ್ಲಿ ಹಾಕ್ತೇನೆ.

‘ಅಣ್ಣಾ, ನಿನ್ನ ಮ್ಯಾಲ ನನಗ ವೈರ ಇಲ್ಲ. ನಿನಗ ಕೆಟ್ಟದ್ದಾಗಲಿ ಅಂತ ಒಂದ ದಿನಾನೂ ಬಯಸಂಗಿಲ್ಲ. ಆದ್ರ ಅವ್ವನ ಬಂಗಾರ ಅಡವಿಟ್ಟಿದ್ದು, ಹರಾಜು ಮುಚ್ಚಿಟ್ಟಿದ್ದು ತಪ್ಪು. ಅದನ್ನ ನೀನ ನಿನ್ನ ಬಾಯಿಂದ ಹೇಳಬೇಕು. ದೀಪಾವಳಿಗೆ ಬರತೇನಿ, ಕುಂತು ಲೆಕ್ಕಾ ಮಾಡೋಣು. ಒಮ್ಮೆಗೆ ಆಗದಿದ್ರ ವರ್ಷಾ ಒಂದಿಷ್ಟು ಕೊಡು. ಎಷ್ಟು ಬಿಡಬೇಕು ಅನ್ನೂದನ್ನ ನಾ ಆಮ್ಯಾಲ ಹೇಳತೇನಿ.’

ಉಡುಪಿ ಎಕ್ಸ್‌ಪ್ರೆಸ್

ಚೆನ್ನಾಗಿದೆ ಅಕ್ಕಾ. ಒಬ್ಬರೇ ಹೋಗಬೇಡಿ, ಮಾತು ಬಲ್ಲ ಹಿರಿಯರೊಬ್ಬರು ಜೊತೆಗಿರಲಿ.

ಮಲೆನಾಡ ಮಳೆ

ಕೊನೆಯ ಸಾಲು ತುಂಬಾ ಇಷ್ಟವಾಯಿತು. ‘ತಪ್ಪು’ ಅನ್ನುವ ಸಾಲನ್ನು ಸ್ವಲ್ಪ ಮೆತ್ತಗೆ ಮಾಡಿದರೆ ಅಣ್ಣ ಬೇಗ ಒಪ್ಪಬಹುದೇನೋ.

ಪಾಠಶಾಲೆ ಮೇಷ್ಟ್ರು

ಆ ಸಾಲು ಹಾಗೇ ಇರಲಿ ತಾಯಿ. ಒಂದು ಮಾತ್ರ ಬಿಟ್ಟುಹೋಗಿದೆ. ‘ಖಮಂತು ಮೇ’ ಅನ್ನುವ ಅರ್ಧ. ಈ ವರ್ಷಗಳಲ್ಲಿ ನೀವೂ ಅಣ್ಣನ ಬಗ್ಗೆ, ವೈನಿಯ ಬಗ್ಗೆ ಅವರಿವರ ಮುಂದೆ ಏನಾದರೂ ಅಂದಿದ್ದರೆ ಅದಕ್ಕೆ ನೀವು ಕೇಳಬೇಕಾಗುತ್ತದೆ. ಅವರ ತಪ್ಪು ದೊಡ್ಡದು ಅಂತ ನಿಮ್ಮದು ಇಲ್ಲವಾಗುವುದಿಲ್ಲ.

ಬೋರಮಾಳ

ಮೇಷ್ಟ್ರೇ, ಅದು ಗೊತ್ತು. ಬರೆದು ಬರೆದು ಅಳಿಸಿದೆ. ಬಂಗಾರ ಕಳಕೊಂಡವಳು ನಾನು, ಮೊದಲು ನಾನೇ ಕೇಳಬೇಕಾ ಅಂತ ಕೈ ನಿಲ್ಲುತ್ತದೆ. ಸದ್ಯಕ್ಕೆ ಆ ಅರ್ಧ ಇಲ್ಲದೆಯೇ ಕಳಿಸುತ್ತೇನೆ.

ಭೀಮಾ ತೀರ

ಕಳಿಸಿ ಅಕ್ಕಾ. ಮೇಷ್ಟ್ರ ಮಾತು ಆಮೇಲೆ ನೋಡಿದರಾಯಿತು.